ವಿದೇಶಿ ಗ್ರಾಹಕರಿಗೆ ಕೊಟೇಶನ್: ಕರೆನ್ಸಿ ಮತ್ತು ವಿನಿಮಯ ದರದ ಷರತ್ತು ಬರೆಯುವ ಕ್ರಮ

ನಿಮ್ಮ ಖರ್ಚು ಒಂದು ಕರೆನ್ಸಿಯಲ್ಲಿ, ಗ್ರಾಹಕರು ಬೆಲೆ ಕೇಳುವುದು ಇನ್ನೊಂದರಲ್ಲಿ. ಕೊಟೇಶನ್ ಕಳಿಸಿದ ದಿನದಿಂದ ಹಣ ಖಾತೆಗೆ ಬೀಳುವ ದಿನದವರೆಗೆ ಆರೇಳು ತಿಂಗಳು ಹಿಡಿಯುವ ವ್ಯವಹಾರದಲ್ಲಿ ಈ ಎರಡರ ನಡುವಿನ ದರ ಶೇ. 5 ಸರಿದರೆ ಸಾಕು, ಲಾಭದ ದೊಡ್ಡ ಪಾಲು ಕರಗಿಹೋಗುತ್ತದೆ. ಇದನ್ನು ತಡೆಯಲು ಕೊಟೇಶನ್ನಿನ ಕೊನೆಯಲ್ಲಿ "ವಿನಿಮಯ ದರ ಬದಲಾದರೆ ಬೆಲೆ ಬದಲಾಗಬಹುದು" ಎಂದು ಒಂದು ಸಾಲು ಸೇರಿಸುವವರು ಬಹಳ. ಆ ಸಾಲಿನಿಂದ ಪ್ರಯೋಜನವಿಲ್ಲ. ಯಾವ ದರ, ಯಾವ ದಿನದ್ದು, ಎಷ್ಟು ಬದಲಾದರೆ, ಬೆಲೆ ಎಷ್ಟು ಬದಲಾಗುತ್ತದೆ ಎಂಬ ನಾಲ್ಕೂ ಪ್ರಶ್ನೆಗಳಿಗೆ ಅದರಲ್ಲಿ ಉತ್ತರವಿಲ್ಲ. ಗ್ರಾಹಕರ ಖರೀದಿ ವಿಭಾಗದವರು ಅದನ್ನು ಹೊಡೆದುಹಾಕುತ್ತಾರೆ, ಇಲ್ಲವೇ ಹಾಗೇ ಬಿಟ್ಟು, ಹಣ ಕೊಡುವ ಹೊತ್ತಿಗೆ ಒಪ್ಪುವುದಿಲ್ಲ ಎನ್ನುತ್ತಾರೆ.

ಷರತ್ತನ್ನು ಹೇಗೆ ಕಟ್ಟಬೇಕು ಎಂಬುದನ್ನು ಒಂದೇ ಉದಾಹರಣೆ ಹಿಡಿದು ನೋಡೋಣ. ಯೂರೋದಲ್ಲಿ ಖರ್ಚು ಮಾಡುವ ಯಂತ್ರ ತಯಾರಕರೊಬ್ಬರು ಅಮೆರಿಕನ್ ಡಾಲರಿನಲ್ಲಿ ಬೆಲೆ ಕೇಳಿದ ಗ್ರಾಹಕರಿಗೆ ಕೊಟೇಶನ್ ಬರೆಯುತ್ತಿದ್ದಾರೆ ಎಂದುಕೊಳ್ಳಿ. ಯಂತ್ರದ ಬೆಲೆ 2,00,000 ಯೂರೋ. ಕೊಟೇಶನ್ ದಿನ 1 ಯೂರೋಗೆ 1.1000 ಡಾಲರ್, ಹಾಗಾಗಿ ಡಾಲರಿನ ಬೆಲೆ 2,20,000. ಪಾವತಿ ಮೂರು ಕಂತಿನಲ್ಲಿ: ಆರ್ಡರ್ ಜೊತೆ ಶೇ. 30, ಸರಕು ಸಾಗಿಸುವಾಗ ಶೇ. 60, ಯಂತ್ರ ಚಾಲೂ ಆದ ಮೇಲೆ ಶೇ. 10. ಅಂಕಿಗಳು ಲೆಕ್ಕಕ್ಕೆಂದು ಆರಿಸಿಕೊಂಡವು. ಕರೆನ್ಸಿ ಜೋಡಿ ಯಾವುದಾದರೂ ಕ್ರಮ ಇದೇ.

ಮೊದಲ ಹೆಜ್ಜೆ: ಅಪಾಯಕ್ಕೆ ಸಿಕ್ಕುವ ಹಣ ಎಷ್ಟು ಎಂದು ಲೆಕ್ಕ ಹಾಕಿ

ಇಡೀ 2,20,000 ಡಾಲರಿಗೂ ದರದ ಅಪಾಯವಿದೆ ಎಂದುಕೊಂಡು ಷರತ್ತು ಬರೆದರೆ ಗ್ರಾಹಕರಿಂದ ಬೇಡದ ಹಣ ಕೇಳಿದಂತಾಗುತ್ತದೆ. ನಮ್ಮ ಉದಾಹರಣೆಯ ಯಂತ್ರಕ್ಕೆ ಬೇಕಾದ ಮೋಟಾರು, ನಿಯಂತ್ರಣ ಫಲಕದಂಥ ಕೆಲವು ಭಾಗಗಳನ್ನು ತಯಾರಕರು ಡಾಲರ್ ಕೊಟ್ಟೇ ಕೊಳ್ಳುತ್ತಾರೆ, ಅದಕ್ಕೆ 55,000 ಡಾಲರ್ ಬೇಕು. ಅಂದರೆ ಬೆಲೆಯ ಶೇ. 25ರಷ್ಟು ಡಾಲರ್ ಯೂರೋಗೆ ಬದಲಾಗುವುದೇ ಇಲ್ಲ. ದರ ಎತ್ತ ಸರಿದರೂ ಆ ಭಾಗಕ್ಕೆ ಲಾಭವೂ ಇಲ್ಲ, ನಷ್ಟವೂ ಇಲ್ಲ.

ಇನ್ನು ಈ ಹಣ ಯಾವ ಕಂತಿನಿಂದ ಹೋಗುತ್ತದೆ ಎಂದು ನೋಡಿ. ಮುಂಗಡ 66,000 ಡಾಲರ್. ಭಾಗಗಳನ್ನು ಕೊಳ್ಳಬೇಕಾದದ್ದು ಆರ್ಡರ್ ಬಂದ ಕೂಡಲೇ, ಹಾಗಾಗಿ ಮುಂಗಡದ ಬಹುಪಾಲು ಡಾಲರಿನ ಖಾತೆಯಿಂದಲೇ ಅದಕ್ಕೆ ಹೋಗುತ್ತದೆ. ಉಳಿಯುವುದು 11,000 ಮಾತ್ರ, ಅದೂ ಬೇಗ ಕೈಸೇರುವ ಹಣ. ಆದ್ದರಿಂದ ಮುಂಗಡವನ್ನು ಷರತ್ತಿನ ಹೊರಗೆ ಇಡಬಹುದು. ಉಳಿದ ಎರಡು ಕಂತು, ಅಂದರೆ 1,32,000 ಮತ್ತು 22,000 ಡಾಲರ್, ಪೂರ್ತಿಯಾಗಿ ಯೂರೋಗೆ ಬದಲಾಗಬೇಕು. ಷರತ್ತು ಅನ್ವಯಿಸಬೇಕಾದದ್ದು ಇವಕ್ಕೆ.

ಮುಂಗಡವೇ ಇಲ್ಲದ ವ್ಯವಹಾರವಾಗಿದ್ದರೆ ಪ್ರತಿ ಕಂತಿನ ಶೇ. 75ಕ್ಕೆ ಮಾತ್ರ ಹೊಂದಾಣಿಕೆ ಎಂದು ಬರೆಯುವುದು ನ್ಯಾಯ. ಈ ಲೆಕ್ಕವನ್ನು ಗ್ರಾಹಕರಿಗೆ ತೋರಿಸಬೇಕಾಗಿಲ್ಲ, ಆದರೆ ಅವರು ಕೇಳಿದರೆ ಉತ್ತರ ಕೈಯಲ್ಲಿರಬೇಕು.

ಎರಡನೇ ಹೆಜ್ಜೆ: ಕರೆನ್ಸಿಯ ಹೆಸರು, ದರದ ದಿಕ್ಕು, ದರದ ಮೂಲ

"ಡಾಲರ್" ಎಂದಷ್ಟೇ ಬರೆಯಬೇಡಿ. ಅಮೆರಿಕ, ಕೆನಡಾ, ಆಸ್ಟ್ರೇಲಿಯ, ಸಿಂಗಪುರ ಎಲ್ಲರದ್ದೂ ಡಾಲರೇ. ಐಎಸ್‌ಒ 4217 ಮಾನದಂಡದ ಮೂರಕ್ಷರದ ಸಂಕೇತವನ್ನು (`USD`, `CAD`, `AUD`, `SGD`) ಪ್ರತಿ ಮೊತ್ತದ ಪಕ್ಕ ಹಾಕಿ. ಬೆಲೆ ನಮೂದಿಸಿದ ಕರೆನ್ಸಿ ಮತ್ತು ಹಣ ಪಾವತಿಯಾಗುವ ಕರೆನ್ಸಿ ಒಂದೇ ಎಂದೂ ಹೇಳಿಬಿಡಿ. ಹೇಳದಿದ್ದರೆ ಗ್ರಾಹಕರ ಬ್ಯಾಂಕು ತನ್ನ ದರದಲ್ಲಿ ಬದಲಾಯಿಸಿ ನಿಮ್ಮ ಕರೆನ್ಸಿಯಲ್ಲಿ ಕಳಿಸಿ, ಅದೇ ಪೂರ್ಣ ಪಾವತಿ ಎಂದು ವಾದಿಸುವ ಸಂದರ್ಭ ಬರುತ್ತದೆ.

ಷರತ್ತುಗಳು ಹೆಚ್ಚಾಗಿ ಕೆಡುವುದು ದರದ ದಿಕ್ಕಿನಲ್ಲಿ. 1 ಯೂರೋಗೆ 1.1000 ಡಾಲರ್ ಎಂದರೂ 1 ಡಾಲರಿಗೆ 0.9091 ಯೂರೋ ಎಂದರೂ ಹೇಳಿದ ವಿಷಯ ಒಂದೇ. ಆದರೆ ಯೂರೋ ಬಲವಾದಾಗ ಮೊದಲನೆಯ ಅಂಕಿ ಏರುತ್ತದೆ, ಎರಡನೆಯದು ಇಳಿಯುತ್ತದೆ. "ದರ ಏರಿದರೆ ಬೆಲೆ ಏರುತ್ತದೆ" ಎಂದು ಬರೆದು, ಎದುರಿಗೆ 0.9091 ಎಂದು ಮೂಲ ದರ ಹಾಕಿದ್ದರೆ, ನಿಮಗೆ ನಷ್ಟವಾಗುವ ಹೊತ್ತಿನಲ್ಲಿ ಷರತ್ತು ನಿಮ್ಮ ಬೆಲೆಯನ್ನೇ ಇಳಿಸುತ್ತದೆ. ಇದರ ಬೆಲೆ ಎಷ್ಟು ಎಂಬುದು ಮುಂದಿನ ಲೆಕ್ಕದಲ್ಲಿ ಗೊತ್ತಾಗುತ್ತದೆ.

ದರದ ಮೂಲ ಎರಡೂ ಕಡೆಯವರು ಖರ್ಚಿಲ್ಲದೆ ನೋಡಬಹುದಾದ, ನಿಮ್ಮ ಕೈಯಲ್ಲೂ ಅವರ ಕೈಯಲ್ಲೂ ಇಲ್ಲದ ಪ್ರಕಟಣೆಯಾಗಿರಬೇಕು. "ನಮ್ಮ ಬ್ಯಾಂಕಿನ ದರ" ಎಂದರೆ ಗ್ರಾಹಕರು ಒಪ್ಪುವುದಿಲ್ಲ, ಒಪ್ಪಲೂಬಾರದು. ಯೂರೋ ಇರುವ ಜೋಡಿಗೆ ಯೂರೋಪಿಯನ್ ಸೆಂಟ್ರಲ್ ಬ್ಯಾಂಕ್ ಪ್ರಕಟಿಸುವ ಉಲ್ಲೇಖ ದರ ಅನುಕೂಲ. ಅದು ಕೆಲಸದ ದಿನಗಳಲ್ಲಿ ಮಧ್ಯ ಯೂರೋಪಿನ ಸಮಯ ಸಂಜೆ ಸುಮಾರು 4 ಗಂಟೆಗೆ ಬರುತ್ತದೆ, 1 ಯೂರೋಗೆ ಎಷ್ಟು ಎಂಬ ದಿಕ್ಕಿನಲ್ಲೇ ಇರುತ್ತದೆ. ಈ ದರ ಮಾಹಿತಿಗಾಗಿ ಮಾತ್ರ, ವ್ಯವಹಾರಕ್ಕೆ ಬಳಸಬೇಡಿ ಎಂದು ಆ ಬ್ಯಾಂಕೇ ಹೇಳುತ್ತದೆ. ಅಳತೆಗೋಲಾಗಿ ಬಳಸುವುದಕ್ಕೆ ತೊಂದರೆಯಿಲ್ಲ, ಆದರೆ ಆ ದರದಲ್ಲೇ ನಿಮ್ಮ ಬ್ಯಾಂಕು ಡಾಲರ್ ಕೊಳ್ಳುತ್ತದೆ ಎಂದುಕೊಳ್ಳಬೇಡಿ. ಎರಡರ ನಡುವಿನ ವ್ಯತ್ಯಾಸವನ್ನು ಬ್ಯಾಂಕಿನವರನ್ನು ಕೇಳಿ ತಿಳಿದು ಮೂಲ ಬೆಲೆಯಲ್ಲೇ ಸೇರಿಸಿ. ಷರತ್ತು ಅದನ್ನು ತುಂಬಿಕೊಡುವುದಿಲ್ಲ.

ಒಂದೇ ದಿನದ ದರಕ್ಕೆ ಕಟ್ಟಿಹಾಕುವ ಬದಲು ಇನ್‌ವಾಯ್ಸ್ ದಿನಾಂಕಕ್ಕೆ ಹಿಂದಿನ ಐದು ಪ್ರಕಟಿತ ದರಗಳ ಸರಾಸರಿ ತೆಗೆದುಕೊಳ್ಳುವುದು ಒಳ್ಳೆಯದು. ಇನ್‌ವಾಯ್ಸನ್ನು ಒಂದು ದಿನ ಹಿಂದೆ ಮುಂದೆ ಮಾಡಿ ದರ ಆರಿಸಿಕೊಂಡಿರಿ ಎಂಬ ಅನುಮಾನಕ್ಕೆ ಆಗ ಎಡೆಯಿರುವುದಿಲ್ಲ. "ಪ್ರಕಟಿತ" ಎಂಬ ಮಾತು ಇರುವುದರಿಂದ ರಜಾ ದಿನದ ಪ್ರಶ್ನೆಯೂ ಅಲ್ಲೇ ಮುಗಿಯುತ್ತದೆ.

ಮೂರನೇ ಹೆಜ್ಜೆ: ಯಾವ ದಿನದ ದರ

ಕೊಟೇಶನ್ನಿನಿಂದ ಆರ್ಡರ್, ಆರ್ಡರಿನಿಂದ ಇನ್‌ವಾಯ್ಸ್, ಇನ್‌ವಾಯ್ಸಿನಿಂದ ಪಾವತಿ: ದರ ಸರಿಯುವ ಅವಧಿಗಳು ಮೂರು. ಮೂಲ ದರವನ್ನು ಕೊಟೇಶನ್ ದಿನಕ್ಕೆ ಹಿಡಿದು, ಹೋಲಿಸುವ ದರವನ್ನು ಇನ್‌ವಾಯ್ಸ್ ದಿನಕ್ಕೆ ಹಿಡಿದರೆ ಮೊದಲ ಎರಡು ಅವಧಿಗಳೂ ಒಂದೇ ಷರತ್ತಿನಡಿ ಬರುತ್ತವೆ. ಕೊಟೇಶನ್ನಿನ ಮಾನ್ಯತೆಯನ್ನು 30 ದಿನಕ್ಕೆ ಮಿತಿಗೊಳಿಸಿ.

ಆರ್ಡರ್ ಬಂದ ದಿನ ಮೂಲ ದರವನ್ನು ಹೊಸದಾಗಿ ನಿಗದಿ ಮಾಡುವ ರೂಢಿಯೂ ಇದೆ. ಅದರಲ್ಲಿ ಒಂದು ಬಲೆಯಿದೆ. ಶೇ. 2ರೊಳಗೆ ಬದಲಾದರೆ ಬೆಲೆ ಹಾಗೇ ಇರುತ್ತದೆ ಎಂದು ಹೇಳಿರುತ್ತೀರಿ. ಆರ್ಡರ್ ದಿನ ದರ 1.1200, ಬೆಲೆ ಬದಲಾಗಲಿಲ್ಲ, ಆದರೆ ಮೂಲ ದರ 1.1200 ಆಯಿತು. ಅಲ್ಲಿಂದ ಮತ್ತೆ ಶೇ. 2, ಅಂದರೆ 1.1424ರವರೆಗೆ ನಿಮಗೆ ಏನೂ ಸಿಗದು. ಬೆಲೆ ಕಟ್ಟಿದ್ದು 1.1000ಕ್ಕೆ, ಹಾಗಾಗಿ ಒಟ್ಟು ಶೇ. 3.85 ನಿಮ್ಮ ತಲೆಯ ಮೇಲೆ. ಬೆಲೆ ಬದಲಾಗದಿದ್ದರೆ ಮೂಲ ದರವೂ ಬದಲಾಗಬಾರದು, ಬದಲಾದರೆ ಎರಡೂ ಒಟ್ಟಿಗೆ ಬದಲಾಗಬೇಕು.

ಮೂರನೇ ಅವಧಿಗೆ, ಅಂದರೆ ಇನ್‌ವಾಯ್ಸ್ ಆದ ಮೇಲಿನ ದಿನಗಳಿಗೆ, ಪಾವತಿ ದಿನದ ದರ ಅನ್ವಯಿಸುವುದು ಸರಿಯೆನಿಸಬಹುದು. ಬೇಡ. ಹಣ ಕೊಡುವ ದಿನವನ್ನು ಆರಿಸುವವರು ಗ್ರಾಹಕರು. ದರ ತಮ್ಮ ಕಡೆ ವಾಲುವವರೆಗೆ ಕಾಯುವ ಅವಕಾಶ ಅವರಿಗೆ ಸಿಗುತ್ತದೆ. ಅಲ್ಲದೆ ಇನ್‌ವಾಯ್ಸಿನಲ್ಲಿ ಎಷ್ಟು ಮೊತ್ತ ಹಾಕಬೇಕೆಂಬುದೇ ಆ ದಿನ ಗೊತ್ತಿರುವುದಿಲ್ಲ. ಇನ್‌ವಾಯ್ಸ್ ಮೊತ್ತ ಅಂತಿಮ, 30 ದಿನದೊಳಗೆ ಪಾವತಿ, ತಡವಾದರೆ ಇಷ್ಟು ಬಡ್ಡಿ ಎಂದು ಬರೆಯಿರಿ. ಆ 30 ದಿನಕ್ಕೆ ಬೇಕಿದ್ದರೆ, ಮುಂದೊಂದು ದಿನ ಬದಲಾಯಿಸುವ ಹಣದ ದರವನ್ನು ಈಗಲೇ ನಿಗದಿ ಮಾಡುವ ಫಾರ್ವರ್ಡ್ ಕಾಂಟ್ರಾಕ್ಟನ್ನು ಬ್ಯಾಂಕಿನಲ್ಲಿ ಮಾಡಿಕೊಳ್ಳಿ. ಮೊತ್ತವೂ ದಿನಾಂಕವೂ ಖಚಿತವಾಗಿರುವುದರಿಂದ ಅದು ಸುಲಭ.

ನಾಲ್ಕನೇ ಹೆಜ್ಜೆ: ಸಹಿಸುವ ಮಿತಿ ಮತ್ತು ಸೂತ್ರ

ಸಣ್ಣ ಏರಿಳಿತಕ್ಕೆಲ್ಲ ಬೆಲೆ ಬದಲಾಯಿಸಿದರೆ ಇಬ್ಬರ ಲೆಕ್ಕಪತ್ರ ವಿಭಾಗಕ್ಕೂ ಕಿರಿಕಿರಿ. ಅದಕ್ಕೇ ಒಂದು ಮಿತಿ ಇಡುವುದು. ಆ ಮಿತಿ ದಾಟಿದಾಗ ಪೂರ್ತಿ ಬದಲಾವಣೆಯನ್ನು ಲೆಕ್ಕಕ್ಕೆ ಹಿಡಿಯುತ್ತೀರೋ, ದಾಟಿದ ಭಾಗವನ್ನಷ್ಟೇ ಹಿಡಿಯುತ್ತೀರೋ ಎಂದು ಸ್ಪಷ್ಟವಾಗಿ ಹೇಳದ ಷರತ್ತುಗಳು ಜಗಳಕ್ಕೆ ನೇರ ದಾರಿ.

ಮಿತಿ ಶೇ. 3, ದಾಟಿದರೆ ಪೂರ್ತಿ ಲೆಕ್ಕ ಎಂದಿಟ್ಟುಕೊಳ್ಳಿ. 1,32,000 ಡಾಲರಿನ ಕಂತಿಗೆ, ದರ ಶೇ. 2.9 ಬದಲಾದರೆ ಹೊಂದಾಣಿಕೆ ಸೊನ್ನೆ. ಶೇ. 3.1 ಬದಲಾದರೆ ಒಮ್ಮೆಲೇ 4,092 ಡಾಲರ್. ಕೂದಲೆಳೆಯ ವ್ಯತ್ಯಾಸಕ್ಕೆ ನಾಲ್ಕು ಸಾವಿರ ಡಾಲರ್ ಅತ್ತಿತ್ತ ಆಗುವಾಗ ದಶಮಾಂಶದ ಎಷ್ಟು ಸ್ಥಾನ, ಯಾವ ದಿನ ಎಂದು ಎಲ್ಲರೂ ಕೆದಕುತ್ತಾರೆ. ದಾಟಿದ ಭಾಗಕ್ಕೆ ಮಾತ್ರ ಲೆಕ್ಕ ಎಂದಿದ್ದರೆ ಅದೇ ಶೇ. 3.1ಕ್ಕೆ ಬರುವುದು 132 ಡಾಲರ್, ಯಾರೂ ಜಗಳವಾಡುವುದಿಲ್ಲ. ನಮ್ಮ ಸಲಹೆ ಇದು: ಮಿತಿಯನ್ನು ಶೇ. 2ಕ್ಕೆ ಕಿರಿದು ಮಾಡಿ, ದಾಟಿದ ಭಾಗವನ್ನಷ್ಟೇ ಹಿಡಿಯಿರಿ. ಮಿತಿಯೊಳಗಿನ ಶೇ. 2 ನಿಮ್ಮ ಮೇಲೆ ಬೀಳಬಹುದು ಎಂದು ಬೆಲೆ ಕಟ್ಟುವಾಗಲೇ ಗಮನದಲ್ಲಿರಲಿ.

ಸೂತ್ರ ಹೀಗಿರುತ್ತದೆ. `P` ಕಂತಿನ ಮೊತ್ತ, `R0` ಮೂಲ ದರ, `R1` ಇನ್‌ವಾಯ್ಸ್ ದಿನದ ದರ, `A` ಹೊಂದಾಣಿಕೆ. ಎರಡು ದರಗಳೂ 1 ಯೂರೋಗೆ ಎಷ್ಟು ಡಾಲರ್ ಎಂಬ ದಿಕ್ಕಿನವು.

```
R1 > 1.02 × R0 :  A = P × (R1 − 1.02 × R0) / R0
R1 < 0.98 × R0 :  A = P × (R1 − 0.98 × R0) / R0
otherwise      :  A = 0
```

ಸಾಗಣೆಯ ಕಂತಿಗೆ ಇದನ್ನು ಹಾಕಿ ನೋಡೋಣ. ಮೇಲಿನ ಮಿತಿ 1.1220, ಕೆಳಗಿನದು 1.0780. ಇನ್‌ವಾಯ್ಸ್ ದಿನ ದರ 1.1550, ಅಂದರೆ ಶೇ. 5 ಏರಿದೆ, ಡಾಲರ್ ದುರ್ಬಲವಾಗಿದೆ. ಷರತ್ತಿಲ್ಲದಿದ್ದರೆ 1,32,000 ಡಾಲರಿಗೆ ಸಿಗುವುದು 1,14,286 ಯೂರೋ. ಸಿಗಬೇಕಿದ್ದದ್ದು 1,20,000, ಹಾಗಾಗಿ 5,714 ಯೂರೋ ಖೋತಾ. ಷರತ್ತಿನಂತೆ 1.1550ರಿಂದ 1.1220 ಕಳೆದರೆ 0.0330, ಅದನ್ನು 1.1000ರಿಂದ ಭಾಗಿಸಿದರೆ 0.03. ಹೊಂದಾಣಿಕೆ 3,960 ಡಾಲರ್, ಇನ್‌ವಾಯ್ಸ್ 1,35,960 ಡಾಲರ್. ಅದು 1,17,714 ಯೂರೋ ಆಗುತ್ತದೆ. ಖೋತಾ 2,286 ಯೂರೋಗೆ ಇಳಿಯಿತು. ಇದೇ ಒಪ್ಪಿಕೊಂಡ ಶೇ. 2ರ ಪಾಲು.

ದರ ಶೇ. 5 ಇಳಿದು 1.0450ಕ್ಕೆ ಬಂದಿದ್ದರೆ ಅದೇ 3,960 ಡಾಲರ್ ಗ್ರಾಹಕರಿಗೆ ಕಡಿತ.

ದಿಕ್ಕು ತಪ್ಪಿದ ಷರತ್ತಿಗೆ ಈಗ ಬನ್ನಿ. 0.9091 ಇದ್ದದ್ದು 0.8658 ಆಗಿರುತ್ತದೆ, ಅಂದರೆ ಶೇ. 4.76 ಇಳಿಕೆ. ಶೇ. 2 ಕಳೆದು ಉಳಿದ ಶೇ. 2.76ರಷ್ಟು ಬೆಲೆ ಇಳಿಸಬೇಕೆಂದು ಷರತ್ತು ಹೇಳುತ್ತದೆ, ಇನ್‌ವಾಯ್ಸ್ ಸುಮಾರು 1,28,354 ಡಾಲರಿಗೆ ಕುಸಿಯುತ್ತದೆ. ಸರಿಯಾದ ಷರತ್ತಿಗೂ ಇದಕ್ಕೂ 7,600 ಡಾಲರ್ ವ್ಯತ್ಯಾಸ. ಕಳಿಸುವ ಮುನ್ನ ಏರಿಕೆಗೊಂದು, ಇಳಿಕೆಗೊಂದು ಅಂಕಿ ಹಾಕಿ ಪರೀಕ್ಷಿಸಿದರೆ ಈ ತಪ್ಪು ತಪ್ಪದೆ ಸಿಕ್ಕಿಬೀಳುತ್ತದೆ.

ಇನ್ನೊಂದು ಮಿತಿಯೂ ಬೇಕು, ಅದು ಹೊರ ಮಿತಿ. ಸ್ವಿಟ್ಜರ್ಲೆಂಡಿನ ಕೇಂದ್ರ ಬ್ಯಾಂಕು ಯೂರೋಗೆ 1.20 ಫ್ರಾಂಕ್ ಎಂಬ ಕನಿಷ್ಠ ದರವನ್ನು 2011ರಿಂದ ಕಾಯ್ದುಕೊಂಡು ಬಂದು 2015ರ ಜನವರಿ 15ರಂದು ಇದ್ದಕ್ಕಿದ್ದಂತೆ ಕೈಬಿಟ್ಟಿತು. ಒಂದೇ ದಿನದಲ್ಲಿ ಫ್ರಾಂಕ್ ಶೇ. 10ಕ್ಕಿಂತ ಹೆಚ್ಚು ಬಲವಾಯಿತು. ಅಂಥ ದಿನ ಯಾಂತ್ರಿಕವಾಗಿ ಸೂತ್ರ ಅನ್ವಯಿಸಿದರೆ ಗ್ರಾಹಕರ ಬಜೆಟ್ ಒಡೆಯುತ್ತದೆ. ದರ ಮೂಲ ದರದಿಂದ ಶೇ. 10ಕ್ಕಿಂತ ಹೆಚ್ಚು ಸರಿದರೆ ಇಬ್ಬರೂ ಕೂತು ಮಾತಾಡಬೇಕು, 15 ದಿನದೊಳಗೆ ಒಪ್ಪಂದವಾಗದಿದ್ದರೆ ಸಾಗಿಸದ ಸರಕಿಗೆ ಏನು ಮಾಡುವುದು ಎಂಬುದನ್ನು ಒಂದು ವಾಕ್ಯದಲ್ಲಿ ಸೇರಿಸಿ.

ಐದನೇ ಹೆಜ್ಜೆ: ಷರತ್ತಿನ ಮಾತು

ಗ್ರಾಹಕರ ಭಾಷೆಯಲ್ಲಿ ಬರೆಯುವಾಗ, ಹೊರ ಮಿತಿಯ ವಾಕ್ಯದ ಜೊತೆ ಇಷ್ಟು ಅಂಶ ಬಂದರೆ ಸಾಕು:

"ಬೆಲೆ ಮತ್ತು ಪಾವತಿ ಎರಡೂ USDಯಲ್ಲಿ. ಬೆಲೆ ಕಟ್ಟಿರುವುದು 1 EUR = 1.1000 USD ಎಂಬ ಮೂಲ ದರಕ್ಕೆ. ಮುಂಗಡ ಕಂತಿಗೆ ಹೊಂದಾಣಿಕೆಯಿಲ್ಲ. ಉಳಿದ ಪ್ರತಿ ಕಂತಿನ ಇನ್‌ವಾಯ್ಸ್ ದಿನಾಂಕಕ್ಕೆ ಹಿಂದಿನ ಐದು ಬಾರಿ ಯೂರೋಪಿಯನ್ ಸೆಂಟ್ರಲ್ ಬ್ಯಾಂಕ್ ಪ್ರಕಟಿಸಿದ ದರಗಳ ಸರಾಸರಿ, ನಾಲ್ಕು ದಶಮಾಂಶಕ್ಕೆ ಸರಿಹೊಂದಿಸಿ, ಮೂಲ ದರಕ್ಕಿಂತ ಶೇ. 2ಕ್ಕಿಂತ ಹೆಚ್ಚು ಏರಿದ್ದರೆ ಅಥವಾ ಇಳಿದಿದ್ದರೆ, ಶೇ. 2 ಮೀರಿದ ಭಾಗದಷ್ಟು ಆ ಕಂತು ಏರುತ್ತದೆ ಅಥವಾ ಇಳಿಯುತ್ತದೆ. ಲೆಕ್ಕದ ಉದಾಹರಣೆ ಅನುಬಂಧದಲ್ಲಿದೆ."

ಅನುಬಂಧ ಎಂದರೆ ಮೇಲಿನ ಏರಿಕೆ ಮತ್ತು ಇಳಿಕೆಯ ಲೆಕ್ಕವೇ. ಮಾತಿನಲ್ಲಿ ಅಸ್ಪಷ್ಟತೆ ಉಳಿದಿದ್ದರೂ ಅಂಕಿಯ ಉದಾಹರಣೆ ಅದನ್ನು ತೆಗೆದುಹಾಕುತ್ತದೆ.

ಆರನೇ ಹೆಜ್ಜೆ: ಪ್ರಸ್ತಾಪಿಸುವ ರೀತಿ

ಷರತ್ತನ್ನು ಸಾಮಾನ್ಯ ನಿಯಮಗಳ ಪುಟದಲ್ಲಿ ಬಚ್ಚಿಡಬೇಡಿ, ಬೆಲೆಯ ಕೆಳಗೇ ಇಡಿ. ಜೊತೆಗೆ ಬರುವ ಪತ್ರದಲ್ಲಿ ಎರಡು ಮಾತು ಸ್ಪಷ್ಟವಾಗಿರಲಿ: ಇದು ಎರಡೂ ಕಡೆಗೆ ಸಮ, ಮತ್ತು ಈ ಷರತ್ತು ಇರುವುದರಿಂದಲೇ ದರದ ಭಯಕ್ಕೆಂದು ಬೆಲೆಯಲ್ಲಿ ಹೆಚ್ಚುವರಿ ಸೇರಿಸಿಲ್ಲ. ಎರಡನೆಯದು ನಿಜವಾಗಿರಬೇಕು. ಹೆಚ್ಚುವರಿಯನ್ನೂ ಸೇರಿಸಿ ಷರತ್ತನ್ನೂ ಹಾಕಿದರೆ ಬೇರೆ ಕೊಟೇಶನ್ ಎದುರು ನಿಮ್ಮದು ದುಬಾರಿಯಾಗಿ ಕಾಣುತ್ತದೆ.

ಗ್ರಾಹಕರು ಚೌಕಾಸಿಗೆ ಬಂದರೆ ಮೊದಲು ಮಿತಿಯನ್ನು ಶೇ. 2ರಿಂದ 3ಕ್ಕೆ ಹಿಗ್ಗಿಸಿ. ಆಮೇಲೆ, ಮೀರಿದ ಭಾಗವನ್ನು ಅರ್ಧರ್ಧ ಹಂಚಿಕೊಳ್ಳುವ ಮಾತಾಡಿ. ಏರಿಕೆಗೆ ಮಾತ್ರ ತೆಗೆದು ಇಳಿಕೆಗೆ ಉಳಿಸುವ ಒಮ್ಮುಖದ ಷರತ್ತಿಗೆ ಮಾತ್ರ ಒಪ್ಪಬೇಡಿ, ಷರತ್ತೇ ಇಲ್ಲದಿರುವುದಕ್ಕಿಂತ ಅದು ಕೆಟ್ಟದ್ದು.

ಬೆಲೆ ಬದಲಾಗಲೇಬಾರದು ಎನ್ನುವವರಿಗೆ ಬೇರೆ ದಾರಿಯಿದೆ. ಆರ್ಡರ್ ಒಪ್ಪಿಕೊಳ್ಳುವ ದಿನ ಬ್ಯಾಂಕು ಕೊಡುವ ಫಾರ್ವರ್ಡ್ ದರಕ್ಕೆ ಡಾಲರ್ ಬೆಲೆಯನ್ನು ಒಮ್ಮೆ ನಿಗದಿ ಮಾಡಿ, ಅದೇ ದಿನ ಆ ಕಾಂಟ್ರಾಕ್ಟ್ ಮಾಡಿಕೊಳ್ಳಿ, ಆಮೇಲೆ ಬೆಲೆ ಸ್ಥಿರ. ಕೊಟೇಶನ್ ಹಂತದಲ್ಲೇ ಫಾರ್ವರ್ಡ್ ಮಾಡಿಕೊಂಡರೆ, ಆರ್ಡರ್ ಬಾರದಿದ್ದರೂ ಡಾಲರ್ ಒಪ್ಪಿಸುವ ಬಾಧ್ಯತೆ ನಿಮ್ಮದಾಗುತ್ತದೆ. ಫಾರ್ವರ್ಡೂ ಷರತ್ತೂ ಒಂದೇ ಕಂತಿನ ಮೇಲೆ ಇದ್ದರೆ, ಡಾಲರ್ ಬಲವಾದಾಗ ಗ್ರಾಹಕರಿಗೆ ಕಡಿತ ಕೊಡಬೇಕು, ಆ ಲಾಭ ಮಾತ್ರ ನಿಮಗೆ ಬಂದಿರುವುದಿಲ್ಲ. ಇನ್ನು ಟೆಂಡರುಗಳಲ್ಲಿ ಸ್ಥಿರ ಬೆಲೆ ಕೇಳಿದ್ದರೆ ಷರತ್ತು ಹಾಕಿದ ಕೊಟೇಶನ್ ತಿರಸ್ಕೃತವಾಗಬಹುದು, ದಾಖಲೆ ಓದಿ ನಿರ್ಧರಿಸಿ.

ಲೆಟರ್ ಆಫ್ ಕ್ರೆಡಿಟ್ ಇದ್ದರೆ

ಲೆಟರ್ ಆಫ್ ಕ್ರೆಡಿಟ್, ಅಂದರೆ ಎಲ್‌ಸಿ, ಸರಿಯಾದ ದಾಖಲೆ ಕೊಟ್ಟರೆ ಹಣ ಕೊಡುವುದಾಗಿ ಗ್ರಾಹಕರ ಬ್ಯಾಂಕು ಬರೆದುಕೊಡುವ ಪತ್ರ. ಸಾಗಣೆಯ ಕಂತು ಅದರ ಮೂಲಕ ಬರುವುದಾದರೆ ಮೇಲಿನ ಷರತ್ತು ನೇರವಾಗಿ ಕೆಲಸ ಮಾಡುವುದಿಲ್ಲ. ಎಲ್‌ಸಿ ತೆರೆದದ್ದು 1,32,000 ಡಾಲರಿಗೆ, ನಿಮ್ಮ ಇನ್‌ವಾಯ್ಸ್ 1,35,960ಕ್ಕೆ. ಬ್ಯಾಂಕು ನೋಡುವುದು ದಾಖಲೆಯನ್ನು, ನಿಮ್ಮ ನಡುವಿನ ಒಪ್ಪಂದವನ್ನಲ್ಲ. ಎಲ್‌ಸಿಗಳಿಗೆ ಬಳಸುವ ಅಂತರರಾಷ್ಟ್ರೀಯ ನಿಯಮಾವಳಿಯಾದ ಯುಸಿಪಿ 600ರ 18ನೇ ವಿಧಿಯ ಪ್ರಕಾರ ಹೆಚ್ಚಿನ ಮೊತ್ತದ ಇನ್‌ವಾಯ್ಸನ್ನು ಬ್ಯಾಂಕು ಬಯಸಿದರೆ ಸ್ವೀಕರಿಸಬಹುದು, ಆದರೆ ಎಲ್‌ಸಿ ಮೊತ್ತಕ್ಕಿಂತ ಹೆಚ್ಚು ಕೊಡುವುದಿಲ್ಲ. 30ನೇ ವಿಧಿಯಂತೆ ಮೊತ್ತದ ಮುಂದೆ "ಸುಮಾರು" ಎಂಬರ್ಥದ ಪದವಿದ್ದರೆ ಶೇ. 10ರಷ್ಟು ಹೆಚ್ಚು ಕಡಿಮೆಗೆ ಅವಕಾಶವಿದೆ. ಗ್ರಾಹಕರು ಆ ಪದ ಸೇರಿಸಲು ಒಪ್ಪಿದರೆ ಸರಿ. ಇಲ್ಲದಿದ್ದರೆ ಎಲ್‌ಸಿಗೆ ಮೂಲ ಮೊತ್ತದ ಇನ್‌ವಾಯ್ಸ್ ಮಾತ್ರ ಕೊಟ್ಟು, ಹೊಂದಾಣಿಕೆಯನ್ನು ಬೇರೆ ಡೆಬಿಟ್ ಅಥವಾ ಕ್ರೆಡಿಟ್ ನೋಟಿನಲ್ಲಿ ಎಲ್‌ಸಿ ಹೊರಗೆ ತೀರಿಸುವುದಾಗಿ ಕೊಟೇಶನ್ನಿನಲ್ಲೇ ಬರೆಯಿರಿ.

ಆರ್ಡರ್ ಬಂದಾಗ

ಇಷ್ಟೆಲ್ಲ ಮಾಡಿಯೂ ಷರತ್ತು ಸಾಯುವ ಜಾಗ ಇದು. ಪರ್ಚೇಸ್ ಆರ್ಡರಿನ ಹಿಂಬದಿಯಲ್ಲಿ ಗ್ರಾಹಕರ ಸಾಮಾನ್ಯ ನಿಯಮಗಳಿರುತ್ತವೆ, ಅದರಲ್ಲಿ "ಬೆಲೆಗಳು ಸ್ಥಿರ, ಯಾವ ಕಾರಣಕ್ಕೂ ಬದಲಾಗವು" ಎಂಬ ಸಾಲು ಸಾಮಾನ್ಯ. ನೀವು ಸುಮ್ಮನೆ ಕೆಲಸ ಶುರು ಮಾಡಿದರೆ ಅವರ ನಿಯಮಕ್ಕೇ ಒಪ್ಪಿದಿರಿ ಎಂಬ ವಾದಕ್ಕೆ ಬಲ ಬರುತ್ತದೆ. ಆರ್ಡರಿನಲ್ಲಿ ನಿಮ್ಮ ಕೊಟೇಶನ್ ಸಂಖ್ಯೆ ಮತ್ತು ದಿನಾಂಕ, ಮೂಲ ದರ 1.1000, ಹೊಂದಾಣಿಕೆಯ ಷರತ್ತು ಈ ಮೂರೂ ಬಂದಿವೆಯೇ ನೋಡಿ. ಬಂದಿಲ್ಲದಿದ್ದರೆ ಮುಂಗಡ ಮುಟ್ಟುವ ಮುನ್ನ, ಭಾಗಗಳಿಗೆ ಆರ್ಡರ್ ಹಾಕುವ ಮುನ್ನ, ತಿದ್ದಿದ ಪರ್ಚೇಸ್ ಆರ್ಡರ್ ಕೇಳಿ ತರಿಸಿಕೊಳ್ಳಿ.